ಚೆಕ್ ಇನ್ ಹೋಗಿ ಚಿಕನ್ ಆದಾಗ

ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆಸಿದರೆ ಉಚ್ಚಾರ ಕೆಡುತ್ತೆ ಅಂತ ಜೊತೆಯ ಮೇಷ್ಟ್ರುಗಳೆಲ್ಲ ನಕ್ಕಿದ್ದರು. ಅವರಲ್ಲೇ ಇಬ್ಬರು ಮೊನ್ನೆ ನನ್ನ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಹೋದರು.

ಚಿಕ್ಕಮಗಳೂರಿನ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬರುವವರು ಜಾಸ್ತಿ ಹೋಂಸ್ಟೇ ಹುಡುಗರು. ಓದಲು ಬರುತ್ತೆ, ಫೋನಿನಲ್ಲಿ ಏನೂ ತಿಳಿಯಲ್ಲ. ಮೂಡಿಗೆರೆ ಕಡೆಯ ಒಬ್ಬನಿಗೆ ಗೆಸ್ಟ್ ಕೇಳಿದ್ದು ‘ಕ್ಯಾನ್ ಐ ಚೆಕ್ ಇನ್ ಅಟ್ ಇಲೆವೆನ್’ ಅಂತ. ಇವನು ‘ಯೆಸ್ ಸರ್, ಚಿಕನ್ ರೆಡಿ’ ಅಂದುಬಿಟ್ಟ.

ಮೊದಲು ದುಡ್ಡು ಸುರಿದೆ. ಹೆಡ್‌ಫೋನು, ಸಾಫ್ಟ್‌ವೇರು ಸೇರಿ 22 ಸಾವಿರದ ಹತ್ತಿರ ಹೋಯಿತು. ಆಡಿಯೋ ವೇಗ ಮುಕ್ಕಾಲಿಗೆ ಇಳಿಸಿ ಕೇಳಿಸಿದೆ. ಒಂದಕ್ಕೊಂದು ಅಂಟಿದ ಪದಗಳು ನಿಧಾನವಾಗಿ ಓಡಿದರೂ ಅಂಟಿಕೊಂಡೇ ಇರುತ್ತವೆ ಅಲ್ವಾ? ಅಷ್ಟು ಹೊಳೆಯಲು ನನಗೆ ಎರಡು ತಿಂಗಳು ಬೇಕಾಯಿತು.

ಒಂದು ದಿನ ಸಿಟ್ಟಿನಲ್ಲಿ ಬೋರ್ಡಿನ ಮೇಲೆ ಕಿವಿಗೆ ಬಿದ್ದ ಹಾಗೇ ಗೀಚಿದೆ: ‘ಕೆನೈ ಚೆಕಿನಟಿಲೆವನ್’. ಕ್‌ಗೆ ಇ ಸೇರಿ ಕಿ, ನ್‌ಗೆ ಅ ಸೇರಿ ನ, ಟ್‌ಗೆ ಇ ಸೇರಿ ಟಿ. ನಮ್ಮ ಕಾಗುಣಿತವೇ! ‘ಊರಲ್ಲಿ’ ಅಂತ ದಿನವಿಡೀ ಹೇಳುವ ಹುಡುಗರಿಗೆ ಇದನ್ನು ಬಿಡಿಸಿ ಹೇಳುವ ಕೆಲಸವೇ ಇರಲಿಲ್ಲ.

ಆದರೆ ಬರೆಯಲು ಹೇಳಿದಾಗ ‘ಪಿಕ್ ಇಟ್ ಅಪ್’ ಅನ್ನುವುದು ‘ಪಿಕ್ಕಿಟ್ಟಪ್’ ಆಯಿತು. ಬಸ್ಸು, ಕಪ್ಪು ಅಂದು ರೂಢಿಯಾದ ಬಾಯಿ, ಒತ್ತು ಹಾಕದೆ ಬಿಡಲ್ಲ. ಬೇಕಾದ್ದು ‘ಪಿಕಿಟಪ್’. ಒತ್ತು ಹಾಕಿದವರು ಎಲ್ಲರಿಗೂ ಟೀ ಕುಡಿಸಬೇಕು ಅಂತ ದಂಡ ಇಟ್ಟೆ. ವಾರದಲ್ಲಿ ಒತ್ತು ಹೋಯಿತು, ಟೀನೂ ಹೋಯಿತು.

ಬಿದ್ದುಹೋಗುವ ಸದ್ದು ಇನ್ನೂ ತಲೆನೋವು. ‘ಲಾಸ್ಟ್ ಬಸ್’ ಅನ್ನುವುದು ‘ಲಾಸ್ ಬಸ್’ ಆಗುತ್ತೆ ಅಂದ ಕೂಡಲೇ ಎಲ್ಲ ಕಡೆ ಟ್ ಕಿತ್ತುಹಾಕಿದರು, ‘ಲಾಸ್ಟ್ ಆರ್ಡರ್’ ಕೂಡ ‘ಲಾಸ್ ಆರ್ಡರ್’ ಆಯಿತು. ಎರಡು ವ್ಯಂಜನದ ನಡುವೆ ಸಿಕ್ಕಿಕೊಂಡಾಗಲೇ ಟ್ ಬೀಳುವುದು. ಮುಂದೆ ಸ್ವರ ಇದ್ದರೆ ಅದಕ್ಕೆ ಜೋತುಬೀಳುತ್ತೆ: ‘ಲಾಸ್ಟಾರ್ಡರ್’. ಯಾವ ಮಾತನ್ನು ಮೊದಲು ಕೊಟ್ಟರೆ ಈ ಗೊಂದಲವೇ ಆಗಲ್ಲ ಅನ್ನುವುದು ನನ್ನ ಹತ್ತಿರವೇ ಇರಲಿ, ಫೀಸು ಬರುವುದೇ ಅದರಿಂದ.

ನಡುವೆ ಸುಮ್ನೆ ಅಮೆರಿಕದವರ ಆಡಿಯೋ ಹಾಕಿ ನೋಡಿದೆ. ‘ಗೆಟ್ ಇಟ್ ಔಟ್’ ಅವರ ಬಾಯಲ್ಲಿ ಹೆಚ್ಚುಕಮ್ಮಿ ‘ಗೆಡಿಡೌಟ್’. ಅದನ್ನು ಕೊನೆಯ ವಾರಕ್ಕೆ ಇಟ್ಟೆ.

ಕೇಳಿ ಬರೆಯಲು 20 ಮಾತು ಕೊಟ್ಟರೆ ಮೊದಲು ಐದಾರು ಸರಿ ಇರುತ್ತಿತ್ತು. ಮೂರು ವಾರಕ್ಕೆ ಹದಿನೈದರ ಆಸುಪಾಸು ಬಂತು. ಉಳಿದಿದ್ದರಲ್ಲಿ ‘ದೇ ಲಾಕ್ಡ್ ದ ರೂಮ್’ ಥರದವೇ ಜಾಸ್ತಿ. ವೇಗದಲ್ಲಿ ಅದು ‘ಲಾಕ್ ದ ರೂಮ್’. ಬೀಗ ಹಾಕಿದರೋ, ದಿನಾ ಹಾಕುತ್ತಾರೋ, ಕಿವಿಗೆ ಗೊತ್ತಾಗಲ್ಲ. ಪಕ್ಕದಲ್ಲಿ ‘ಯೆಸ್ಟರ್‌ಡೇ’ ಇದೆಯಾ ಅಂತ ಹುಡುಕಬೇಕು, ಇಲ್ಲದಿದ್ದರೆ ಗೆಸ್ಟನ್ನೇ ಇನ್ನೊಮ್ಮೆ ಕೇಳಬೇಕು.