ಚಂದಾ ಹಣ ಕಡಿತ ಫೇಲ್ ಆದ ಮೇಲಿನ ಮೂರು ದಿನ

ತಿಂಗಳಿಗೆ 299 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಸಂಗೀತ ಕಲಿಯುತ್ತಿದ್ದೀರಿ ಅಂದುಕೊಳ್ಳಿ. ಪ್ರತಿ ತಿಂಗಳು 5ನೇ ತಾರೀಖು ನಿಮ್ಮ ಡೆಬಿಟ್ ಕಾರ್ಡಿನಿಂದ ಹಣ ತಾನಾಗಿಯೇ ಹೋಗುತ್ತದೆ. ಸಂಬಳ ಬರುವುದು 7ಕ್ಕೆ. ಈ ಸಲ 5ರಂದು ಖಾತೆಯಲ್ಲಿ ಉಳಿದಿದ್ದು 180 ರೂಪಾಯಿ. ಹಾಗಾದರೆ 6ರಿಂದ ಪಾಠ ಬಂದ್ ಆಗುತ್ತದಾ? ಸಾಮಾನ್ಯವಾಗಿ ಇಲ್ಲ. ಇಂಥ ಸೇವೆಗಳಿಗೆ ಹಣ ವಸೂಲಿ ಮಾಡಿಕೊಡುವ ಬೆಂಗಳೂರಿನ ರೇಜರ್‌ಪೇ ಕಂಪನಿಯ ಚಂದಾ ವ್ಯವಸ್ಥೆಯನ್ನೇ ಉದಾಹರಣೆಗೆ ಇಟ್ಟುಕೊಂಡು ದಿನ ದಿನ ಏನಾಗುತ್ತದೆ ನೋಡೋಣ.

4ನೇ ತಾರೀಖು: ಮೊದಲ ಸುಳಿವು

ಹಣ ತೆಗೆಯುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಆ ಎಸ್ಸೆಮ್ಮೆಸ್ಸಿನಲ್ಲಿ ಎಷ್ಟು, ಯಾರಿಗೆ, ಯಾವಾಗ ಅನ್ನುವುದು ಇರುತ್ತದೆ. ನಾವು ಅದನ್ನು ಜಾಹೀರಾತು ಅಂದುಕೊಂಡು ಸುಮ್ನೆ ಅಳಿಸಿಬಿಡುತ್ತೇವೆ, ಅಲ್ವಾ? ಬ್ಯಾಲೆನ್ಸ್ ನೋಡಿಕೊಳ್ಳುವುದಕ್ಕೆ ಸರಿಯಾದ ಸಮಯ ಅದೇ.

5ನೇ ತಾರೀಖು: ಬ್ಯಾಂಕ್ ಇಲ್ಲ ಅಂದಿತು

ಬ್ಯಾಂಕ್ ಹಣ ಕೊಡದಿದ್ದಾಗ ಬರೀ ಇಲ್ಲ ಅನ್ನುವುದಿಲ್ಲ, ಒಂದು ಕಾರಣವನ್ನೂ ಕಳಿಸುತ್ತದೆ. ಮುಂದಿನದೆಲ್ಲ ನಿಂತಿರುವುದು ಆ ಕಾರಣದ ಮೇಲೆ. ಬ್ಯಾಲೆನ್ಸ್ ಇಲ್ಲ, ಸರ್ವರ್ ಡೌನ್ ಆಗಿತ್ತು ಅಂದರೆ ನಾಳೆ ಸರಿಹೋಗಬಹುದು, ಮತ್ತೆ ಕೇಳುವುದರಲ್ಲಿ ಅರ್ಥ ಇದೆ. ಕಾರ್ಡ್ ಕಳೆದುಹೋಗಿ ಬ್ಲಾಕ್ ಆಗಿದೆ, ಖಾತೆಯೇ ಮುಚ್ಚಿದೆ, ಗ್ರಾಹಕರೇ ಒಪ್ಪಿಗೆ ರದ್ದು ಮಾಡಿದ್ದಾರೆ ಅಂದರೆ ಎಷ್ಟು ಸಲ ಕೇಳಿದರೂ ಉತ್ತರ ಬದಲಾಗುವುದಿಲ್ಲ. ಆಗ ಮಾಡಬೇಕಾದ್ದು ಒಂದೇ, ಬೇರೆ ಕಾರ್ಡ್ ಕೊಡಿ ಅಂತ ಗ್ರಾಹಕರನ್ನು ಕೇಳುವುದು.

ನಮ್ಮ ಉದಾಹರಣೆಯಲ್ಲಿ ಬಂದ ಕಾರಣ ಬ್ಯಾಲೆನ್ಸ್ ಇಲ್ಲ ಅಂತ. ಚಂದಾದ ಸ್ಥಿತಿ `active`ನಿಂದ `pending`ಗೆ ಹೋಗುತ್ತದೆ. ಹಣ ಬಾಕಿ ಇದೆ, ಚಂದಾ ಮಾತ್ರ ರದ್ದಾಗಿಲ್ಲ. ಈ ಹೊತ್ತಿನಲ್ಲಿ ಪಾಠ ತೆರೆದಿಡಬೇಕಾ ಬೇಡವಾ ಅನ್ನುವುದು ಸೇವೆ ನಡೆಸುವವರ ನಿರ್ಧಾರ. ತೆರೆದಿಡುವುದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ, ಯಾಕೆಂದರೆ ಎರಡು ದಿನ ತಡವಾಗಿ ಕೊಡುವವರನ್ನು ಕೊಡದೇ ಇರುವವರ ಜೊತೆ ಸೇರಿಸಬಾರದು.

6, 7, 8: ಮತ್ತೆ ಮತ್ತೆ ಕೇಳುವುದು

ಈ ಮೂರು ದಿನ ದಿನಕ್ಕೊಂದು ಪ್ರಯತ್ನ. ಗಂಟೆಗೊಮ್ಮೆ ಯಾಕೆ ಕೇಳಬಾರದು? ಖಾಲಿ ಖಾತೆ ಗಂಟೆಯೊಳಗೆ ತುಂಬುವುದು ಅಪರೂಪ. ಅದೂ ಅಲ್ಲದೆ ಕಾರ್ಡ್ ಜಾಲಗಳಿಗೂ ಮಿತಿ ಇದೆ, ಫೇಲ್ ಆದ ಪಾವತಿಯನ್ನು 30 ದಿನದಲ್ಲಿ 15 ಸಲಕ್ಕಿಂತ ಜಾಸ್ತಿ ಪ್ರಯತ್ನಿಸಬಾರದು ಅನ್ನುತ್ತದೆ ವೀಸಾ.

6ರಂದು ಮತ್ತೆ ಫೇಲ್. 7ರ ಬೆಳಿಗ್ಗೆ ಕೇಳಿದಾಗಲೂ ಫೇಲ್, ಸಂಬಳ ಬಿದ್ದದ್ದು ಮಧ್ಯಾಹ್ನ. 8ರಂದು ಕೊನೆಯ ಪ್ರಯತ್ನ, 299 ಹೋಯಿತು, ಸ್ಥಿತಿ ಮತ್ತೆ `active`. ಮುಂದಿನ ಕಡಿತದ ದಿನ ಮಾತ್ರ 8ಕ್ಕೆ ಬದಲಾಗುವುದಿಲ್ಲ, ಮುಂದಿನ ತಿಂಗಳ 5ಕ್ಕೇ ಇರುತ್ತದೆ. ಸಂಬಳ 7ಕ್ಕೇ ಬರುವುದಾದರೆ ಇದೇ ಕಥೆ ಪ್ರತಿ ತಿಂಗಳೂ ನಡೆಯುತ್ತದೆ. ಅದಕ್ಕೇ ಕಡಿತದ ದಿನ ಬದಲಿಸಲು ಸಾಧ್ಯವಾ ಅಂತ ಒಮ್ಮೆ ಕೇಳಿ ನೋಡಿ.

ಎಲ್ಲ ಕಡೆ ಮೂರೇ ದಿನ ಅಲ್ಲ. ಆ್ಯಪಲ್ 60 ದಿನದವರೆಗೂ ಪ್ರಯತ್ನಿಸುತ್ತದೆ. ಯುಪಿಐ ಆಟೋಪೇ ಆದರೆ 2025ರ ಆಗಸ್ಟ್ 1ರಿಂದ ಒಂದು ಪ್ರಯತ್ನ, ಮೇಲೆ ಮೂರು ಮರುಪ್ರಯತ್ನ ಅಷ್ಟೇ, ಅದೂ ಜನ ಜಾಸ್ತಿ ಬಳಸುವ ಹೊತ್ತು ಬಿಟ್ಟು.

ಈ ದಿನಗಳಲ್ಲಿ ಮಾಡಬಾರದ್ದು

ನನಗೇ ಆದದ್ದು ಹೇಳುತ್ತೇನೆ. ಒಂದು ಯೋಗ ತರಗತಿಯ ಹಣ ಕಡಿತ ಫೇಲ್ ಆಯಿತು. ತರಗತಿ ತಪ್ಪಿಹೋದೀತು ಅಂತ ಗಾಬರಿಯಾಗಿ ಆ್ಯಪಿನಲ್ಲಿ ಹೊಸದಾಗಿ ಚಂದಾ ಮಾಡಿ ಹಣ ಕಟ್ಟಿದೆ. ಹಳೆಯ ಚಂದಾ `pending`ನಲ್ಲಿ ಹಾಗೇ ಇತ್ತು. ಮರುದಿನ ಅದರ ಪ್ರಯತ್ನವೂ ಗೆದ್ದು ಎರಡನೇ ಸಲ ಹಣ ಹೋಯಿತು, ವಾಪಸ್ ಪಡೆಯಲು ಎಂಟು ಮೇಲ್ ಬರೆಯಬೇಕಾಯಿತು. ಹಾಗಾಗಿ ಕಾಯಲು ಮನಸ್ಸಿಲ್ಲದಿದ್ದರೆ ಹಳೆಯ ಚಂದಾಕ್ಕೇ ಹೋಗಿ ಅದರೊಳಗೇ ಕಾರ್ಡ್ ಬದಲಿಸಿ. ಬೇಡವಾಗಿದ್ದರೂ ಅಷ್ಟೇ, ರದ್ದು ಮಾಡಿ. ಖಾತೆ ಖಾಲಿ ಇಟ್ಟುಕೊಂಡು ತಾನಾಗಿ ನಿಲ್ಲಲಿ ಅಂತ ಕಾಯಬೇಡಿ.

8ರಂದೂ ಹಣ ಬರದಿದ್ದರೆ

ಆಗ ಸ್ಥಿತಿ `halted` ಆಗುತ್ತದೆ. ಇನ್ನು ತಾನಾಗಿ ಹಣ ಕೇಳುವುದು ನಿಲ್ಲುತ್ತದೆ, ಆದರೆ ಪ್ರತಿ ತಿಂಗಳ ಬಿಲ್ ಮಾತ್ರ ತಯಾರಾಗುತ್ತಲೇ ಇರುತ್ತದೆ. ಪಾಠಕ್ಕೆ ಬೀಗ ಬೀಳಬೇಕಾದ್ದು ಈಗ. ಸಣ್ಣದಾಗಿ ಇಂಥ ಸೇವೆ ನಡೆಸುತ್ತಿರುವವರು ಒಮ್ಮೆ ನಿಮ್ಮ ಕೋಡ್ ತೆರೆದು ನೋಡಿ: ಪ್ರವೇಶ ತಡೆಯುವ ಸಾಲು ರೇಜರ್‌ಪೇ ಕಳಿಸುವ `subscription.halted` ಸಂದೇಶಕ್ಕೆ ಜೋಡಿಸಿರಬೇಕು. ಅದು `subscription.pending`ಗೆ ಜೋಡಿಸಿದ್ದರೆ, 8ರಂದು ಹಣ ಕೊಡಲಿದ್ದವರನ್ನು ನೀವು 5ರಂದೇ ಹೊರಗೆ ಕಳಿಸುತ್ತಿದ್ದೀರಿ.