12 ಸೆಕೆಂಡಿನ ವಿಡಿಯೋ ಮೇಲೋ, 75 ಸೆಕೆಂಡಿನದು ಮೇಲೋ?

ಚಿಕ್ಕ ವಿಡಿಯೋಗಳ ಫೀಡಿಗೆ ರ‍್ಯಾಂಕಿಂಗ್ ಕೋಡ್ ಬರೆಯುವುದು ನನ್ನ ಕೆಲಸ. ಇದರ ಮೂಲ ಸೂತ್ರ ಗುಟ್ಟೇನೂ ಅಲ್ಲ. 2021ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಟಿಕ್‌ಟಾಕಿನ ಒಳದಾಖಲೆಯೊಂದರಿಂದ ಹೊರತಂದದ್ದೂ ಇದೇ ಬಗೆಯ ಸೂತ್ರ. ಈ ವ್ಯಕ್ತಿ ಎಷ್ಟು ಹೊತ್ತು ನೋಡಿಯಾನು, ಲೈಕ್ ಒತ್ತುವ ಸಂಭವವೆಷ್ಟು, ಕಾಮೆಂಟ್ ಹಾಕುವ ಸಂಭವವೆಷ್ಟು ಎಂದು ಮೊದಲೇ ಅಂದಾಜು ಮಾಡಿ, ಒಂದೊಂದನ್ನೂ ಅದರ ತೂಕದಿಂದ ಗುಣಿಸಿ ಕೂಡುತ್ತಾರೆ. ಶೇರ್ ಮತ್ತು ಸೇವ್ ಇಟ್ಟುಕೊಂಡು ನಾನು ಶುರು ಮಾಡುವ ಸರಳ ರೂಪ ಇದು:

```
score = W + 20*P(share) + 10*P(save)
```

ಇಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು W, ಅಂದರೆ ನೋಡಿದ ಹೊತ್ತು. ಲೆಕ್ಕಕ್ಕೆಂದು ಎರಡು ವಿಡಿಯೋ ತೆಗೆದುಕೊಳ್ಳೋಣ. ಒಂದು 12 ಸೆಕೆಂಡಿನ ಹಾಸ್ಯ, ಜನ ಸರಾಸರಿ 11 ಸೆಕೆಂಡ್ ನೋಡಿದ್ದಾರೆ. ಇನ್ನೊಂದು 75 ಸೆಕೆಂಡಿನ ಬಿಸಿಬೇಳೆಬಾತ್ ಪುಡಿ ಮಾಡುವ ವಿಧಾನ, ಸರಾಸರಿ 26 ಸೆಕೆಂಡ್. ಬರೀ ಸೆಕೆಂಡ್ ಎಣಿಸಿದರೆ ಅಡುಗೆಯದು ಗೆಲ್ಲುತ್ತದೆ; ಹೀಗೇ ಬಿಟ್ಟರೆ ಫೀಡಿನಲ್ಲಿ ಉದ್ದದ ವಿಡಿಯೋಗಳೇ ತುಂಬಿಕೊಳ್ಳುತ್ತವೆ. ಶೇಕಡಾವಾರು ತೆಗೆದರೆ ಹಾಸ್ಯಕ್ಕೆ 92, ಅಡುಗೆಗೆ 35. ಆಗ 7–8 ಸೆಕೆಂಡಿನ ತುಣುಕುಗಳೇ ಮೇಲೇರುತ್ತವೆ. ಈ ಎರಡೂ ಲೆಕ್ಕಗಳು ವಿಡಿಯೋದ ಉದ್ದವನ್ನು ಅಳೆಯುತ್ತವೆಯೇ ಹೊರತು ನೋಡುವವರ ಆಸಕ್ತಿಯನ್ನಲ್ಲ.

ಹೀಗಾಗಿ ನಾನು ಮೊದಲು ವಿಡಿಯೋಗಳನ್ನು ಉದ್ದದ ಪ್ರಕಾರ ಗುಂಪು ಮಾಡುತ್ತೇನೆ: 10ರಿಂದ 15 ಸೆಕೆಂಡಿನವು ಒಂದು ಕಡೆ, 60ರಿಂದ 90ರವು ಇನ್ನೊಂದು ಕಡೆ. ಆಮೇಲೆ ಪ್ರತಿ ವಿಡಿಯೋ ತನ್ನ ಗುಂಪಿನೊಳಗೆ ಎಷ್ಟನೆಯ ಸ್ಥಾನದಲ್ಲಿದೆ ಎಂದಷ್ಟೇ ನೋಡುತ್ತೇನೆ. ಚೀನಾದ ಕ್ವಾಯ್‌ಶೋ ಆ್ಯಪಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳೂ ಇದೇ. ನಮ್ಮ ಹಾಸ್ಯ ತನ್ನ ಗುಂಪಿನ ಶೇ. 45 ವಿಡಿಯೋಗಳನ್ನಷ್ಟೇ ಹಿಂದಿಕ್ಕಿದೆ ಎನ್ನೋಣ, ಏಕೆಂದರೆ ಆ ಉದ್ದದವನ್ನು ಜನ ಎರಡೆರಡು ಸಲ ನೋಡುವುದು ಸಾಮಾನ್ಯ. ಅಡುಗೆಯದು ತನ್ನ ಗುಂಪಿನ ಶೇ. 70ನ್ನು ಹಿಂದಿಕ್ಕಿದೆ. ಈಗ W ಕ್ರಮವಾಗಿ 0.45 ಮತ್ತು 0.70.

ಸಾವಿರ ಜನರಿಗೆ ತೋರಿಸಿದಾಗ ಹಾಸ್ಯಕ್ಕೆ 14 ಶೇರ್, 2 ಸೇವ್; ಅಡುಗೆಗೆ 6 ಶೇರ್, 18 ಸೇವ್ ಬಂದಿವೆ.

```
haasya: 0.45 + 20*0.014 + 10*0.002 = 0.75
aduge : 0.70 + 20*0.006 + 10*0.018 = 1.00
```

ಅಡುಗೆ ಮೇಲೆ. ಆದರೆ ಶೇರಿನ ತೂಕವನ್ನು 20ರಿಂದ 60ಕ್ಕೆ ಏರಿಸಿ ನೋಡಿ: ಹಾಸ್ಯಕ್ಕೆ 1.31, ಅಡುಗೆಗೆ 1.24. ಅದೇ ವಿಡಿಯೋ, ಅದೇ ಜನ, ಸಾಲು ಮಾತ್ರ ತಲೆಕೆಳಗು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸ್ಸೆರಿ 2025ರ ಜನವರಿಯಲ್ಲಿ, ಫಾಲೋ ಮಾಡದವರಿಗೆ ವಿಡಿಯೋ ತಲುಪುವಲ್ಲಿ ಸೆಂಡ್‌ಗೆ, ಅಂದರೆ ವಿಡಿಯೋವನ್ನು ಬೇರೆಯವರಿಗೆ ಕಳಿಸುವುದಕ್ಕೆ, ಹೆಚ್ಚು ಮಹತ್ವವಿದೆ ಎಂದು ಹೇಳಿದ್ದರು. ಅಂಥ ಕಡೆ ಹಾಸ್ಯ ಬೇಗ ಹಬ್ಬುವುದು ಸಹಜ. ಶೇರಿನ ತೂಕ ವಿಪರೀತವಾದರೆ ಮಾತ್ರ ಗಾಳಿಸುದ್ದಿಯೂ ‘ಹತ್ತು ಜನರಿಗೆ ಕಳಿಸಿ’ ಎನ್ನುವ ವಿಡಿಯೋಗಳೂ ಮೇಲೆ ಬರುತ್ತವೆ. ಆಗ ಶೇರ್ ಏರುತ್ತಿದ್ದರೂ, ಶೇರ್ ಮೂಲಕ ಬಂದವರು ನೋಡುವ ಹೊತ್ತು ಇಳಿಯುತ್ತದೆ. ನಾನು ಮೊದಲು ನೋಡುವ ಗ್ರಾಫ್ ಅದೇ.

ಹೊಸ ವಿಡಿಯೋದ ಪಾಡು ಬೇರೆ. 40 ಜನ ನೋಡಿ 2 ಶೇರ್ ಬಂದರೆ ಅದು ಶೇ. 5; ಹಾಗೇ ನಂಬಿದರೆ ಇಬ್ಬರು ಗೆಳೆಯರು ಸೇರಿ ಯಾವ ವಿಡಿಯೋವನ್ನಾದರೂ ಮೇಲೆತ್ತಬಹುದು. ಆ್ಯಪಿನ ಸರಾಸರಿ ಶೇ. 0.5 ಇದ್ದರೆ, ಪ್ರತಿ ವಿಡಿಯೋಗೂ 400 ವೀಕ್ಷಣೆ ಮತ್ತು 2 ಶೇರನ್ನು ಮೊದಲೇ ಸೇರಿಸಿಡುತ್ತೇನೆ:

```
(2 + 2) / (40 + 400) = 0.009
```

ಶೇ. 5 ಇದ್ದದ್ದು ಶೇ. 0.9ಕ್ಕೆ ಇಳಿಯಿತು. ಅದೇ ವಿಡಿಯೋ 4000 ಜನರಿಗೆ ತಲುಪಿ 200 ಶೇರ್ ಪಡೆದರೆ ಲೆಕ್ಕ ಶೇ. 4.6ಕ್ಕೆ ಬರುತ್ತದೆ. ನಿಜವಾದ ಮೆಚ್ಚುಗೆ ಇದರಿಂದ ಕಳೆದುಹೋಗುವುದಿಲ್ಲ, ತುಸು ತಡವಾಗುತ್ತದೆ ಅಷ್ಟೆ.

ಇನ್ನೊಂದು ಎಚ್ಚರ: ಫೋನ್ ಪಕ್ಕಕ್ಕಿಟ್ಟು ಹೋದವರ ಪರದೆಯಲ್ಲಿ ವಿಡಿಯೋ ಸುತ್ತುತ್ತಲೇ ಇರುತ್ತದೆ. ಒಬ್ಬರ ಹೊತ್ತನ್ನು ವಿಡಿಯೋದ ಉದ್ದದ ಮೂರು ಪಟ್ಟಿಗೆ ಕತ್ತರಿಸದಿದ್ದರೆ, ಅಂಥ ಕೆಲವರಿಂದಲೇ ಸರಾಸರಿ ಕೆಡುತ್ತದೆ. ಇಷ್ಟೆಲ್ಲ ಆದಮೇಲೆ, ತೋರಿಸಿದ ವಿಡಿಯೋಗಳ ಉದ್ದದ ಮಧ್ಯಾಂಕವನ್ನು ವಾರವಾರ ಗಮನಿಸುತ್ತೇನೆ. ಜನ ಅಪ್‌ಲೋಡ್ ಮಾಡುವ ವಿಡಿಯೋಗಳ ಉದ್ದ ಬದಲಾಗದೆ, ತೋರಿಸುವುದರ ಉದ್ದ ಮಾತ್ರ ಒಂದೇ ಕಡೆಗೆ ಜರುಗುತ್ತಿದ್ದರೆ ಗುಂಪುಗಳ ಗಡಿ ತಪ್ಪಿದೆ ಎಂದರ್ಥ. ಗುಂಪುಗಳನ್ನು ಇನ್ನಷ್ಟು ಕಿರಿದು ಮಾಡಿ ಮತ್ತೆ ಲೆಕ್ಕ ಹಾಕುತ್ತೇನೆ.