ಗಂಗವ್ವನೋ ಗಂಗಮ್ಮನೋ: ಜೀವಕೋಶ ತನ್ನ ಕರಡು ತಿದ್ದುವ ಬಗೆ

ಕಾಲೇಜಿನಲ್ಲಿದ್ದಾಗ ಬೈಲಹೊಂಗಲದ ಒಂದು ಸಣ್ಣ ಮುದ್ರಣಾಲಯದಲ್ಲಿ ಸಂಜೆ ಹೊತ್ತು ಕರಡು ತಿದ್ದುತ್ತಿದ್ದೆ. ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ಮದುಮಗಳ ಅಜ್ಜಿಯ ಹೆಸರು ಮೇಲೆ ಗಂಗವ್ವ, ಕೆಳಗೆ ಗಂಗಮ್ಮ ಎಂದಿತ್ತು. ಮೂಲ ಪ್ರತಿ ಮಾಲೀಕರ ಕಿಸೆಯಲ್ಲಿ, ಮಾಲೀಕರು ಸಂತೆಯಲ್ಲಿ. ಯಂತ್ರ ಕಾಯುತ್ತಿತ್ತು. ನನ್ನ ಬುದ್ಧಿಗೆ ತೋಚಿದಂತೆ ಗಂಗಮ್ಮನನ್ನು ಉಳಿಸಿದೆ. ಐದುನೂರು ಪ್ರತಿ ಅಚ್ಚಾದವು. ಮೂಲದಲ್ಲಿದ್ದದ್ದು ಗಂಗವ್ವ. ಮರುದಿನ ಅಜ್ಜಿಯೇ ಬಂದು, "ತಮ್ಮಾ, ಎಂಬತ್ತು ವರ್ಷ ಇಟ್ಟುಕೊಂಡ ಹೆಸರು, ನೀನು ಒಂದೇ ಸಂಜೆಗೆ ಬದಲಿಸಿದೆಯಲ್ಲ" ಎಂದರು.

ಈಗ ಬೆಳಗಾವಿಯಲ್ಲಿ ರೋಗಶಾಸ್ತ್ರದ ಕೆಲಸ ಮಾಡುತ್ತೇನೆ. ಗಡ್ಡೆಯ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ದಿನದ ಕೆಲಸ. ಡಿಎನ್‌ಎ ದುರಸ್ತಿಯ ಬಗ್ಗೆ ಓದಿದಾಗಲೆಲ್ಲ ಆ ಪತ್ರಿಕೆ ನೆನಪಾಗುತ್ತದೆ. ಎರಡು ಅಕ್ಷರ ಹೊಂದುತ್ತಿಲ್ಲ ಎಂದು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಎರಡರಲ್ಲಿ ಮೂಲ ಯಾವುದು ಎಂದು ತಿಳಿಯುವುದೇ ಕಷ್ಟ. ಜೀವಕೋಶ ಅದನ್ನು ಹೇಗೆ ಮಾಡುತ್ತದೆ ಎಂಬುದನ್ನು ಒಂದೇ ಒಂದು ತಪ್ಪಿನ ಬೆನ್ನು ಹತ್ತಿ ನೋಡೋಣ.

ಮೊದಲ ಹಂತ: ಬರೆಯುವಾಗಲೇ ಅಳಿಸುವುದು

ಡಿಎನ್‌ಎಯ ಎರಡು ಎಳೆಗಳಲ್ಲಿ ಎ ಎದುರಿಗೆ ಟಿ, ಜಿ ಎದುರಿಗೆ ಸಿ ಕೂರಬೇಕು. ಕೋಶ ಒಡೆದು ಎರಡಾಗುವ ಮುಂಚೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಪಾಲಿಮರೇಸ್ ಎಂಬ ಕಿಣ್ವ ಪ್ರತಿ ಹಳೆಯ ಎಳೆಯ ಎದುರು ಹೊಸ ಎಳೆಯನ್ನು ಅಕ್ಷರ ಅಕ್ಷರವಾಗಿ ಕಟ್ಟುತ್ತದೆ. ನಮ್ಮ ಒಂದು ಕೋಶದಲ್ಲಿ ಇಂಥ ಸುಮಾರು 640 ಕೋಟಿ ಜೋಡಿಗಳಿವೆ. ಅಕ್ಷರ ಆರಿಸುವಾಗ ಪಾಲಿಮರೇಸ್ ಸುಮಾರು ಲಕ್ಷಕ್ಕೊಂದು ತಪ್ಪು ಮಾಡುತ್ತದೆ ಎಂದು ಲೆಕ್ಕ ಹಿಡಿಯಿರಿ. ಒಂದು ಸಲದ ನಕಲಿಗೆ, ಹುಟ್ಟುವ ಪ್ರತಿ ಹೊಸ ಕೋಶದ ಪಾಲಿಗೆ 64,000 ತಪ್ಪು!

ಇವುಗಳಲ್ಲಿ ಹೆಚ್ಚಿನವು ಅಲ್ಲೇ ಅಳಿದುಹೋಗುತ್ತವೆ. ತಪ್ಪು ಅಕ್ಷರ ಕೂತರೆ ಜೋಡಿಯ ಆಕಾರ ಕೆಡುತ್ತದೆ, ಹೊಸ ಎಳೆಯ ತುದಿ ಹಿಡಿತ ಸಡಿಲಿಸಿ ಅಲ್ಲಾಡುತ್ತದೆ. ಮುಂದಿನ ಅಕ್ಷರ ಸೇರಿಸಲು ಪಾಲಿಮರೇಸ್ ತಡವರಿಸುತ್ತದೆ. ಆ ತಡೆಯಲ್ಲೇ ತುದಿ ಅದೇ ಕಿಣ್ವದ ಇನ್ನೊಂದು ಮೂಲೆಗೆ ಜಾರುತ್ತದೆ. ಅಲ್ಲಿರುವುದು ಕತ್ತರಿ. ಕೊನೆಯ ಅಕ್ಷರ ಕತ್ತರಿಸಿಹೋಗಿ, ತುದಿ ಮತ್ತೆ ಮೊದಲಿನ ಜಾಗಕ್ಕೆ ಬಂದು ಕೆಲಸ ಮುಂದುವರಿಯುತ್ತದೆ. ಇಲ್ಲಿ ಮೂಲ ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಕತ್ತರಿಯ ಕೈಗೆ ಸಿಗುವುದು ಈಗಷ್ಟೇ ಬರೆದ ತುದಿ ಮಾತ್ರ. ನೂರು ತಪ್ಪಿನಲ್ಲಿ ತೊಂಬತ್ತೊಂಬತ್ತು ಹೀಗೆ ಹೋದರೂ 640 ಉಳಿಯುತ್ತವೆ.

ಎರಡನೆಯ ಹಂತ: ಬರೆದು ಮುಂದೆ ಹೋದ ಮೇಲೆ

ಉಳಿದ ಒಂದನ್ನು ಹಿಡಿಯೋಣ. ಹಳೆಯ ಎಳೆಯ ಜಿ ಎದುರಿಗೆ ಸಿ ಬದಲು ಟಿ ಕೂತಿದೆ. ಜಿ ಮತ್ತು ಟಿ ತುಸು ಸರಿದು ಕೂತರೆ ಕೈಕೈ ಹಿಡಿದುಕೊಂಡು ಸರಿಯಾದ ಜೋಡಿಯಂತೆಯೇ ಕಾಣುತ್ತವೆ. ಹಾಗಾಗಿ ಇದು ಕತ್ತರಿಯಿಂದ ತಪ್ಪಿಸಿಕೊಂಡಿದೆ.

ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಎಂಬ ಎರಡು ಪ್ರೊಟೀನುಗಳು ಜೋಡಿಯಾಗಿ, ಹೊಸದಾಗಿ ಕಟ್ಟಿದ ಡಿಎನ್‌ಎಯನ್ನು ತಬ್ಬಿ ತಡವುತ್ತಾ ಸಾಗುತ್ತವೆ. ಕತ್ತಲಲ್ಲಿ ಬಟ್ಟೆಯ ಮೇಲೆ ಕೈಯಾಡಿಸಿ ಗಂಟು ಹುಡುಕಿದಂತೆ. ಸರಿಯಾದ ಜೋಡಿ ಬಿಗಿಯಾಗಿರುತ್ತದೆ. ತಪ್ಪು ಜೋಡಿ ಇರುವಲ್ಲಿ ಡಿಎನ್‌ಎ ಸುಲಭವಾಗಿ ಬಾಗುತ್ತದೆ. ಬಾಗಿದೊಡನೆ ಈ ಜೋಡಿ ಅಲ್ಲಿ ಬಿಗಿಯಾಗಿ ಕಚ್ಚಿಕೊಂಡು ಎಂಎಲ್‌ಎಚ್1, ಪಿಎಂಎಸ್2 ಎಂಬ ಎರಡನೆಯ ಜೋಡಿಯನ್ನು ಕರೆಯುತ್ತದೆ.

ಇಲ್ಲಿಯೇ ಲಗ್ನಪತ್ರಿಕೆಯ ಸಂಕಟ. ಜಿ ತಪ್ಪೋ, ಟಿ ತಪ್ಪೋ? ರಾಸಾಯನಿಕವಾಗಿ ಎರಡೂ ಹದವಾದ ಅಕ್ಷರಗಳೇ. ಟಿ ತೆಗೆದು ಸಿ ಹಾಕಿದರೆ ದುರಸ್ತಿ. ಜಿ ತೆಗೆದು ಎ ಹಾಕಿದರೂ ಜೋಡಿ ಚೆನ್ನಾಗಿ ಹೊಂದುತ್ತದೆ, ಆದರೆ ಮೂಲವೇ ಅಳಿದುಹೋಗುತ್ತದೆ.

ಇ. ಕೋಲಿ ಬ್ಯಾಕ್ಟೀರಿಯಾ ಇದಕ್ಕೆ ಕಂಡುಕೊಂಡ ಉಪಾಯ ಮುದ್ದಾಗಿದೆ. ಅದರ ಹಳೆಯ ಎಳೆಯಲ್ಲಿ ಜಿಎಟಿಸಿ ಎಂಬ ಅಕ್ಷರಗಳು ಬರುವಲ್ಲೆಲ್ಲ ಎ ಮೇಲೆ ಮೀಥೈಲ್ ಎಂಬ ಸಣ್ಣ ಮೊಹರು ಇರುತ್ತದೆ. ಹೊಸ ಎಳೆಗೆ ಮೊಹರು ಬೀಳಲು ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಮೊಹರಿಲ್ಲದ್ದು ಹೊಸತು, ತಿದ್ದಬೇಕಾದದ್ದು ಅದನ್ನೇ. ಇದನ್ನು ಹಂತಹಂತವಾಗಿ ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್, ಡಿಎನ್‌ಎ ದುರಸ್ತಿಯ ಬೇರೆ ದಾರಿಗಳನ್ನು ಬಿಡಿಸಿದ ತೋಮಸ್ ಲಿಂಡಾಲ್ ಮತ್ತು ಅಜೀಜ್ ಸಂಜಾರ್ ಜೊತೆ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ನಮ್ಮ ಕೋಶಗಳಲ್ಲಿ ಈ ಮೊಹರಿನ ಪದ್ಧತಿ ಇಲ್ಲ. ಬದಲಿಗೆ ಹೊಲಿಗೆಯ ಗುರುತು ಇದೆ. ಹೊಸ ಎಳೆಗಳಲ್ಲಿ ಒಂದು ತುಂಡುತುಂಡಾಗಿ ತಯಾರಾಗುತ್ತದೆ. ಒಂದೊಂದು ತುಂಡು ಸುಮಾರು ನೂರರಿಂದ ಇನ್ನೂರು ಅಕ್ಷರದ್ದು. ತುಂಡುಗಳನ್ನು ಬೆಸೆಯುವ ತನಕ ನಡುವೆ ಸಣ್ಣ ಸೀಳುಗಳಿರುತ್ತವೆ. ಜೊತೆಗೆ, ಪಾಲಿಮರೇಸನ್ನು ಎಳೆಗೆ ಕಟ್ಟಿಹಿಡಿದಿದ್ದ ಉಂಗುರದಂಥ ಪ್ರೊಟೀನು ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಅದರ ಒಂದು ಮುಖ ಯಾವಾಗಲೂ ಒಂದೇ ದಿಕ್ಕಿಗೆ. ಆ ಮುಖ ನೋಡಿಯೇ ಎಂಎಲ್‌ಎಚ್1 ಜೋಡಿ ಹೊಸ ಎಳೆಯನ್ನು ಗುರುತಿಸಿ ಅದನ್ನಷ್ಟೇ ಸೀಳುತ್ತದೆ.

ಮುಂದಿನದು ಬೇಗ ಮುಗಿಯುತ್ತದೆ. ಇನ್ನೊಂದು ಕಿಣ್ವ ಸೀಳಿನಿಂದ ತಪ್ಪಿನಾಚೆಯವರೆಗೆ ಹೊಸ ಎಳೆಯನ್ನು ತಿಂದುಹಾಕುತ್ತದೆ. ಒಂದು ಅಕ್ಷರದ ತಪ್ಪಿಗೆ ನೂರಾರು ಅಕ್ಷರ ಹೋಗಬಹುದು. ಖಾಲಿ ಜಾಗವನ್ನು ಪಾಲಿಮರೇಸ್ ಮತ್ತೆ ತುಂಬುತ್ತದೆ, ಲೈಗೇಸ್ ಬೆಸೆಯುತ್ತದೆ. 640 ತಪ್ಪುಗಳಲ್ಲಿ ಕೊನೆಗೆ ಉಳಿಯುವುದು ಬೆರಳೆಣಿಕೆಯಷ್ಟು.

ಈ ಗುರುತುಗಳ ಆಯುಷ್ಯ ಕಡಿಮೆ. ಸೀಳು ಬೆಸೆದು ಉಂಗುರ ಕಳಚಿದ ಮೇಲೆ ಹಳತು ಹೊಸತೆಂಬ ಭೇದವಿಲ್ಲ. ಮುಂದಿನ ಸಲ ಕೋಶ ಒಡೆದಾಗ ಜಿ ಇರುವ ಎಳೆ ಸಿಯನ್ನೂ ಟಿ ಇರುವ ಎಳೆ ಎಯನ್ನೂ ಎದುರಿಗೆ ಕೂರಿಸಿಕೊಳ್ಳುತ್ತದೆ. ಒಂದು ಮರಿಕೋಶ ಮೊದಲಿನಂತೆಯೇ ಇರುತ್ತದೆ, ಇನ್ನೊಂದರಲ್ಲಿ ಗಂಗಮ್ಮ ಅಚ್ಚಾಗಿ ಹೋಗಿರುತ್ತಾಳೆ. ಜೋಡಿ ಸರಿಯಾಗಿರುವುದರಿಂದ ಆ ತಪ್ಪನ್ನು ಇನ್ನು ಯಾರೂ ಕಾಣಲಾರರು.

ತಿದ್ದುವವರೇ ಇಲ್ಲದಾಗ

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಹಾಳೆಯ ಮೇಲೆ ಬಿಡಿಬಿಡಿಯಾಗಿ ಇಪ್ಪತ್ತಾರು ಎ ಬರೆದು, ಎಣಿಸದೆ ನಕಲು ಮಾಡಲು ಮಕ್ಕಳಿಗೆ ಕೊಡಿ. ಇಪ್ಪತ್ತೈದೋ ಇಪ್ಪತ್ತೇಳೋ ಬರುತ್ತದೆ. ಪಾಲಿಮರೇಸ್‌ಗೂ ಹೀಗೆಯೇ. ಒಂದೇ ಅಕ್ಷರ ಸಾಲುಗಟ್ಟಿದಲ್ಲಿ ಎಳೆ ಜಾರಿ ಒಂದು ಅಕ್ಷರ ಕುಣಿಕೆಯಂತೆ ಹೊರಗೆ ಉಳಿಯುತ್ತದೆ. ಕುಣಿಕೆ ಹಿಂದೆ ಇರುತ್ತದೆ, ತುದಿಯ ಜೋಡಿ ಮಾತ್ರ ಪಕ್ಕಾ ಇರುತ್ತದೆ. ಅದಕ್ಕೇ ಕತ್ತರಿಗೆ ಅದು ಸಿಕ್ಕುವುದಿಲ್ಲ. ಈ ಸಾಲುಗಳನ್ನು ಕಾಯುವುದು ಬಹುಪಾಲು ಎರಡನೆಯ ಹಂತದ ತಂಡವೇ.

ಆ ತಂಡ ಇಲ್ಲದ ಕರುಳಿನ ಕೋಶವೊಂದರಲ್ಲಿ ಏನಾಗುತ್ತದೆ ನೋಡಿ. 'ಬೆಳೆದದ್ದು ಸಾಕು, ನಿಲ್ಲು' ಎಂಬ ಸಂದೇಶವನ್ನು ಕೇಳಿಸಿಕೊಳ್ಳುವ ಒಂದು ಗ್ರಾಹಕ ಪ್ರೊಟೀನಿದೆ. ಅದರ ಜೀನಿನಲ್ಲಿ ಹತ್ತು ಎ ಸಾಲಾಗಿವೆ. ಕೋಶ ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ:

ಜಿಎಎ – ಎಎಎ – ಎಎಎ – ಎಎಜಿ – ಸಿಸಿಟಿ

ಒಂದು ಎ ಜಾರಿತು ಎನ್ನಿ:

ಜಿಎಎ – ಎಎಎ – ಎಎಎ – ಎಜಿಸಿ – ಸಿಟಿಜಿ

ಅಲ್ಲಿಂದ ಮುಂದೆ ಪ್ರತಿ ಪದವೂ ಬೇರೆ. ಸ್ವಲ್ಪ ದೂರದಲ್ಲೇ ಅಕಾಲದಲ್ಲಿ ಪೂರ್ಣವಿರಾಮ ಬಂದು ಗ್ರಾಹಕ ಅರ್ಧಕ್ಕೇ ಮುರಿಯುತ್ತದೆ. ಕೋಶ 'ನಿಲ್ಲು' ಎಂಬ ಮಾತಿಗೆ ಕಿವುಡಾಗುತ್ತದೆ. ದುರಸ್ತಿ ತಪ್ಪಿದ ಕೋಶ ಸತ್ತುಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಎಳೆಗಳು ತುಂಡಾಗುವಂಥ ದೊಡ್ಡ ಹಾನಿಯಲ್ಲಿ ಅದು ನಿಜವೂ ಹೌದು. ಇಲ್ಲಿ ಮಾತ್ರ ಕೋಶ ಚೆನ್ನಾಗಿಯೇ ಬದುಕುತ್ತದೆ. ಪ್ರತಿ ವಿಭಜನೆಗೂ ಮಾಮೂಲಿಗಿಂತ ನೂರು ಪಟ್ಟೋ ಇನ್ನೂ ಹೆಚ್ಚೋ ತಪ್ಪು ಕೂಡಿಸುತ್ತಾ, ಬೇಗ ಬೆಳೆಯುವ ದಾರಿ ಸಿಗುವವರೆಗೆ ಪಗಡೆ ಉರುಳಿಸುತ್ತಲೇ ಇರುತ್ತದೆ.

ಗೊತ್ತಾಗುವುದು ಹೇಗೆ

ಗಡ್ಡೆಯ ತೆಳು ಪದರಕ್ಕೆ ಆ ನಾಲ್ಕು ಪ್ರೊಟೀನುಗಳಿಗೆ ಒಂದೊಂದರಂತೆ ಬಣ್ಣ ಕಟ್ಟಿಸುತ್ತೇವೆ. ಪ್ರೊಟೀನು ಇದ್ದರೆ ಕೋಶಕೇಂದ್ರ ಕಂದು, ಇಲ್ಲದಿದ್ದರೆ ನೀಲಿ. ನಾನು ಮೊದಲು ನೋಡುವುದು ಗಡ್ಡೆಯನ್ನಲ್ಲ, ಪಕ್ಕದ ಬಿಳಿ ರಕ್ತಕೋಶಗಳನ್ನು. ಅವು ಕಂದಾಗಿದ್ದು ಗಡ್ಡೆ ನೀಲಿಯಾಗಿದ್ದರೆ ಪ್ರೊಟೀನು ನಿಜವಾಗಿಯೂ ಹೋಗಿದೆ. ಅವೂ ನೀಲಿಯಾದರೆ ಬಣ್ಣ ಕೆಟ್ಟಿದೆ, ಮತ್ತೆ ಮಾಡಬೇಕು. ಎಂಎಸ್‌ಎಚ್2 ಇಲ್ಲವಾದರೆ ಜೊತೆಗಾರನಿಲ್ಲದೆ ಎಂಎಸ್‌ಎಚ್6 ಕೂಡ ನಿಲ್ಲುವುದಿಲ್ಲ, ಎರಡೂ ನೀಲಿ. ಎಂಎಸ್‌ಎಚ್6 ಒಂದೇ ಹೋದರೆ ಎಂಎಸ್‌ಎಚ್2 ಬೇರೊಬ್ಬ ಜೊತೆಗಾರನೊಂದಿಗೆ ಉಳಿಯುತ್ತದೆ. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಹಿಂಬಾಲಿಸುತ್ತದೆ. ಆದರೆ ವಯಸ್ಸಾದವರಲ್ಲಿ ಎಂಎಲ್‌ಎಚ್1 ಕಾಣದಿದ್ದೊಡನೆ ವಂಶದೋಷ ಎನ್ನುವಂತಿಲ್ಲ. ಹೆಚ್ಚಿನ ಸಲ ಜೀನು ಸರಿಯಾಗಿಯೇ ಇದ್ದು, ಗಡ್ಡೆಯಲ್ಲಿ ಮಾತ್ರ ಅದಕ್ಕೆ ಬೀಗ ಬಿದ್ದಿರುತ್ತದೆ.

ವಂಶದಲ್ಲಿ ಬರುವ ಬಗೆಗೆ ಲಿಂಚ್ ಸಿಂಡ್ರೋಮ್ ಎಂದು ಹೆಸರು. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಹೊಲಿಗೆಯಾಕೆ, ತನ್ನ ಮನೆಯವರೆಲ್ಲ ಕರುಳು, ಹೊಟ್ಟೆ, ಗರ್ಭಕೋಶದ ಕ್ಯಾನ್ಸರಿನಿಂದಲೇ ಸಾಯುತ್ತಿದ್ದಾರೆ, ತಾನೂ ಹಾಗೆಯೇ ಹೋಗುತ್ತೇನೆ ಎಂದು ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ ಅವರಿಗೆ ಹೇಳಿದ್ದಳು. ಅವಳು ಸತ್ತದ್ದು ಗರ್ಭಕೋಶದ ಕ್ಯಾನ್ಸರಿನಿಂದಲೇ. ಒಂದು ಶತಮಾನದ ಬಳಿಕ ಆ ಮನೆತನದಲ್ಲಿ ಸಿಕ್ಕದ್ದು ಎಂಎಸ್‌ಎಚ್2ರ ದೋಷ.

ಇಂಥವರಿಗೆ ತಂದೆಯಿಂದಲೋ ತಾಯಿಯಿಂದಲೋ ಕೆಟ್ಟ ಪ್ರತಿ ಒಂದು ಬಂದಿರುತ್ತದೆ. ಇನ್ನೊಂದು ಪ್ರತಿ ಇರುವ ತನಕ ಕೋಶ ತಿದ್ದುತ್ತಲೇ ಇರುತ್ತದೆ. ಯಾವುದೋ ಒಂದು ಕೋಶದಲ್ಲಿ ಅದೂ ಹೋದಾಗ ಪಗಡೆ ಶುರು. ಅದಕ್ಕೇ ಅವರಿಗೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿಸಲು ಹೇಳುತ್ತೇವೆ.

ನಮ್ಮ ಕಡೆ ಇನ್ನೊಂದನ್ನು ಕೇಳಲೇಬೇಕು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ರೂಢಿ ಇಲ್ಲಿದೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇದ್ದರೆ, ಪ್ರತಿ ಮಗುವಿಗೂ ಎರಡೂ ಕೆಟ್ಟವೇ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಆ ಮಗುವಿನ ಮೈಯ ಯಾವ ಕೋಶದಲ್ಲೂ ತಿದ್ದುವವರಿಲ್ಲ. ಬಾಲ್ಯದಲ್ಲೇ ಮೆದುಳಿನ, ರಕ್ತದ, ಕರುಳಿನ ಕ್ಯಾನ್ಸರ್ ಬರಬಹುದು, ಚರ್ಮದ ಮೇಲೆ ಹಾಲುಚಹಾದ ಬಣ್ಣದ ಮಚ್ಚೆಗಳು ಕಾಣಬಹುದು. ಇಂಥ ಮಗುವಿನ ಪದರದಲ್ಲಿ ನನ್ನ ಬಿಳಿ ರಕ್ತಕೋಶಗಳ ಉಪಾಯ ಕೈಕೊಡುತ್ತದೆ. ಬಣ್ಣ ಕೆಟ್ಟಿರದಿದ್ದರೂ ಅವೂ ನೀಲಿಯೇ. ಆಗ ಬೇರೊಬ್ಬರ ಪದರವನ್ನು ಪಕ್ಕದಲ್ಲಿಟ್ಟು ಅದೇ ದಿನ, ಅದೇ ಬಣ್ಣ ಕಟ್ಟಿಸಿ ನೋಡಬೇಕು.

ಮನೆಯಲ್ಲಿ ಐವತ್ತರ ಒಳಗೆ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿದ್ದರೆ, ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯಲ್ಲಿ 'ಬ್ಲಾಕ್' ಇದೆಯೇ ಎಂದು ವಿಚಾರಿಸಿ. ಮೇಣದಲ್ಲಿ ಹುದುಗಿಸಿದ ಗಡ್ಡೆಯ ಚೂರು ಅದು. ರೋಗಿ ತೀರಿಕೊಂಡು ವರ್ಷಗಳಾಗಿದ್ದರೂ ಅದರಿಂದ ಪದರ ತೆಗೆದು ಬಣ್ಣ ಕಟ್ಟಬಹುದು. ತರುವಾಗ ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ. ಜಮಖಂಡಿಯಿಂದ ಬಂದ ಒಬ್ಬರು ತಾಯಿಯ ಬ್ಲಾಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬುತ್ತಿಯ ಡಬ್ಬಿಯಲ್ಲಿಟ್ಟು ತಂದಿದ್ದರು. ಮೇಣದ ಅಂಚು ಕೂಡ ಮಾಸಿರಲಿಲ್ಲ.